ಹಾಡು ಮುಗಿದರೂ ಫೋಟೋ ಮುಗಿಯದಿದ್ದರೆ, ಲೆಕ್ಕ ತಪ್ಪಿದ್ದೆಲ್ಲಿ?

ಓದುಗರ ಪ್ರಶ್ನೆ: ಸರ್, ಮುಂದಿನ ತಿಂಗಳು ನಮ್ಮ ಅಪ್ಪನ ಅರವತ್ತರ ಶಾಂತಿ ಇದೆ. ಪವರ್‌ಪಾಯಿಂಟ್‌ನಲ್ಲಿ 140 ಫೋಟೋ ಹಾಕಿ ಸ್ಲೈಡ್‌ಶೋ ಮಾಡಿದ್ದೀನಿ. ಅಪ್ಪನಿಗೆ ತುಂಬಾ ಇಷ್ಟವಾದ ಒಂದು ಹಳೇ ಹಾಡನ್ನ ಹಿನ್ನೆಲೆಗೆ ಇಟ್ಟಿದ್ದೀನಿ, 4 ನಿಮಿಷ 40 ಸೆಕೆಂಡ್ ಇದೆ. ಅಂದ್ರೆ 280 ಸೆಕೆಂಡ್, ಒಂದು ಫೋಟೋಗೆ 2 ಸೆಕೆಂಡ್ ಅಂತ ಲೆಕ್ಕ ಹಾಕಿ ಟೈಮ್ ಕೊಟ್ಟೆ. ಆದ್ರೆ ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾಗುತ್ತೆ, ಆಗಿನ್ನೂ ಮೂವತ್ತಾರು ಫೋಟೋ ಬಾಕಿ ಇರುತ್ತೆ. ಲ್ಯಾಪ್‌ಟಾಪ್ ಸ್ಲೋ ಆಗಿದೆ, ಅದಕ್ಕೇ ಹೀಗೆ ಅಂತಾರೆ ಭಾವ. ತಾಳಕ್ಕೆ ತಕ್ಕ ಹಾಗೆ ಪ್ರತಿ ಪೆಟ್ಟಿಗೂ ಫೋಟೋ ಬದಲಾದ್ರೇ ಚೆನ್ನ ಅಂತಾಳೆ ತಂಗಿ. ಭಾವನ ಲ್ಯಾಪ್‌ಟಾಪ್‌ಗೆ ಹಾಕಿ ಅವರ ಮನೆ ಟಿವಿಗೆ ಕನೆಕ್ಟ್ ಮಾಡಿದ್ರೆ ಫೋಟೋ ಬಂತು, ಹಾಡೇ ಬರಲಿಲ್ಲ. ಕಲ್ಯಾಣ ಮಂಟಪದಲ್ಲಿ ಎಲ್ಲರ ಮುಂದೆ ಹೀಗಾದ್ರೆ ಅಂತ ಭಯ ಆಗ್ತಿದೆ. ಏನು ಮಾಡ್ಲಿ?

ಉತ್ತರ: ನಿಮ್ಮ ಲ್ಯಾಪ್‌ಟಾಪ್ ಸರಿಯಾಗಿಯೇ ಇದೆ. ತಪ್ಪಿರುವುದು ಲೆಕ್ಕ ಮಾತ್ರ. ನೀವು ಬರೆದ "ಮೂವತ್ತಾರು ಫೋಟೋ" ಅನ್ನುವ ಮಾತಿನಲ್ಲೇ ಉತ್ತರ ಇದೆ.

ಒಂದು ಫೋಟೋ ಹೋಗಿ ಇನ್ನೊಂದು ಬರುವಾಗ ಅವು ಒಂದರೊಳಗೊಂದು ಕರಗುತ್ತವಲ್ಲ, ಅದಕ್ಕೂ ಸಮಯ ಬೇಕು. ಪವರ್‌ಪಾಯಿಂಟ್‌ನಲ್ಲಿ Fade ಆರಿಸಿದರೆ ಅದು ತಾನಾಗಿ 0.70 ಸೆಕೆಂಡ್ ಇಟ್ಟುಕೊಳ್ಳುತ್ತದೆ. ನೀವು After ಅನ್ನುವ ಜಾಗದಲ್ಲಿ ಕೊಟ್ಟ 2 ಸೆಕೆಂಡ್ ಎಣಿಕೆ ಶುರುವಾಗುವುದು ಈ ಕರಗುವ ಕೆಲಸ ಮುಗಿದ ಮೇಲೆ. ಅಂದರೆ ಒಂದು ಫೋಟೋಗೆ ನಿಜವಾಗಿ ಹಿಡಿದದ್ದು 2.7 ಸೆಕೆಂಡ್. ಈಗ 280ನ್ನು 2.7ರಿಂದ ಭಾಗಿಸಿ ನೋಡಿ. ಸುಮಾರು 104 ಬರುತ್ತದೆ. 140ರಲ್ಲಿ 104 ಕಳೆದರೆ ಉಳಿಯುವುದು 36. ನೀವು ಎಣಿಸಿದ್ದೂ ಅಷ್ಟೇ. 140 ಫೋಟೋ ಪೂರ್ತಿ ಓಡಲು 378 ಸೆಕೆಂಡ್, ಅಂದರೆ 6 ನಿಮಿಷ 18 ಸೆಕೆಂಡ್ ಬೇಕು. ಹಾಡಿಗಿಂತ ಒಂದೂವರೆ ನಿಮಿಷಕ್ಕೂ ಜಾಸ್ತಿ.

ಅನುಮಾನ ಇದ್ದರೆ ಹತ್ತು ಸ್ಲೈಡ್‌ಗಳ ಒಂದು ಚಿಕ್ಕ ಫೈಲ್ ಮಾಡಿ. ಎಲ್ಲಕ್ಕೂ Fade ಹಾಕಿ, 3 ಸೆಕೆಂಡ್ ಕೊಟ್ಟು, ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಓಡಿಸಿ. 30 ಸೆಕೆಂಡ್‌ಗೆ ಮುಗಿಯಬೇಕಾದದ್ದು 37ರ ಹತ್ತಿರ ಬರುತ್ತದೆ. ಇಡೀ ಗೊಂದಲ ಆಗ ಕಣ್ಣಿಗೇ ಕಾಣುತ್ತದೆ.

ನಿಮ್ಮ ಭಾವ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇಲ್ಲದಿಲ್ಲ. ಮೊಬೈಲ್‌ನಿಂದ ತೆಗೆದ ದೊಡ್ಡ ಫೋಟೋಗಳನ್ನು ಹಾಗೇ ತುಂಬಿದರೆ ಹಳೆ ಲ್ಯಾಪ್‌ಟಾಪ್ ಅಲ್ಲಲ್ಲಿ ತಡವರಿಸುತ್ತದೆ. ಆದರೆ ಆ ತಡೆ ಒಂದೊಂದು ಸಲ ಒಂದೊಂದು ಕಡೆ ಬರುತ್ತದೆ. ನಿಮ್ಮದು ಪ್ರತಿ ಸಲ ಅದೇ ಜಾಗದಲ್ಲಿ ತಪ್ಪುತ್ತಿದ್ದರೆ ಅದು ಲೆಕ್ಕದ್ದೇ ತಪ್ಪು. ಮೂರು ಸಲ ಓಡಿಸಿ, ಹಾಡು ಮುಗಿದಾಗ ಯಾವ ಫೋಟೋ ಇತ್ತು ಅಂತ ಬರೆದುಕೊಳ್ಳಿ. ಮೂರೂ ಸಲ 104ರ ಆಸುಪಾಸಿನಲ್ಲೇ ಇದ್ದರೆ ಲ್ಯಾಪ್‌ಟಾಪನ್ನು ಬೈಯುವ ಕೆಲಸ ಇಲ್ಲ.

ಹಾಗಾದರೆ 2ರ ಬದಲು 1.3 ಸೆಕೆಂಡ್ ಕೊಟ್ಟರೆ ಆಯ್ತಲ್ವಾ ಅಂತ ನಿಮಗೆ ಅನ್ನಿಸಬಹುದು. ಲೆಕ್ಕಕ್ಕೆ ಸರಿಹೋಗುತ್ತದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಮನೆತನದ ಸಮಾರಂಭಕ್ಕೆ ಇಂಥದೇ ಸ್ಲೈಡ್‌ಶೋ ಮಾಡಿಕೊಟ್ಟಿದ್ದೆ. ಎಲ್ಲ ಫೋಟೋಗೂ ಸಮವಾಗಿ 3 ಸೆಕೆಂಡ್. ನಡುವೆ ಒಂದು ಕಪ್ಪು ಬಿಳುಪಿನ ಫೋಟೋ ಬಂತು. ಹೆಂಚಿನ ಮನೆಯ ಜಗಲಿ, ಕುರ್ಚಿಯಲ್ಲಿ ಅಜ್ಜ ಅಜ್ಜಿ, ಹಿಂದೆ ಮೂರು ಸಾಲು ಮಕ್ಕಳು ಸೊಸೆಯಂದಿರು, ಮುಂದೆ ನೆಲದ ಮೇಲೆ ಮೊಮ್ಮಕ್ಕಳು. ಒಟ್ಟು ಮೂವತ್ತೊಂದು ಜನ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಕೈ ಅಲ್ಲಾಡಿಸಿಬಿಟ್ಟಿದ್ದ, ಅವನ ಕೈ ಮಾತ್ರ ಮಸುಕು. ಫೋಟೋ ಬರುತ್ತಿದ್ದ ಹಾಗೆ ಸಭೆಯಲ್ಲಿದ್ದ ಒಬ್ಬ ಹೆಂಗಸು ಎದ್ದು ನಿಂತು ಪರದೆಯ ಕಡೆ ನಡೆದರು. ಅವರಿಗೆ ಎಪ್ಪತ್ತು ಇರಬೇಕು. ಬೆರಳು ಎತ್ತಿ ಯಾರನ್ನೋ ತೋರಿಸಬೇಕು ಅನ್ನುವಷ್ಟರಲ್ಲಿ ಫೋಟೋ ಹೋಯಿತು. "ನಿಲ್ಸಿ, ನಿಲ್ಸಿ, ನಮ್ಮಮ್ಮ ಅದರಲ್ಲಿದ್ರು" ಅಂದರು. ಹಿಂದಕ್ಕೆ ಹೋಗಲು ಹೋದೆ, ಫೋಟೋ ಬಂತು, ಹಾಡು ಮಾತ್ರ ಎಲ್ಲೋ ಹೋಯಿತು. ಆವತ್ತಿನಿಂದ ನಾನು ಫೋಟೋ ಎಣಿಸುವ ಮೊದಲು ಫೋಟೋದಲ್ಲಿರುವ ಮುಖ ಎಣಿಸುತ್ತೇನೆ.

ಒಬ್ಬರೇ ಇರುವ ಫೋಟೋಗೆ 3 ಸೆಕೆಂಡ್ ಸಾಕು. ಇಬ್ಬರು ಮೂವರು ಇದ್ದರೆ 5–6 ಬೇಕು. ಹತ್ತು ಜನರಿಗಿಂತ ಜಾಸ್ತಿ ಇರುವ ಗುಂಪಿನ ಫೋಟೋಗೆ ನಾನು 7 ಸೆಕೆಂಡ್‌ಗಿಂತ ಕಡಿಮೆ ಕೊಡುವುದೇ ಇಲ್ಲ. ಜನ ಗುಂಪಿನ ಫೋಟೋದಲ್ಲಿ ಮೊದಲು ತಮ್ಮನ್ನು ಹುಡುಕುತ್ತಾರೆ, ಆಮೇಲೆ ಈಗ ಇಲ್ಲದವರನ್ನು ಹುಡುಕುತ್ತಾರೆ. ಎರಡಕ್ಕೂ ಸಮಯ ಬೇಕು.

ಹೀಗೆ ನೋಡಿದರೆ 280 ಸೆಕೆಂಡಿನ ಒಂದು ಹಾಡಿಗೆ ಐವತ್ತರಿಂದ ಅರವತ್ತು ಫೋಟೋ ಹಿಡಿಸುತ್ತದೆ, ಅಷ್ಟೇ. 140 ಹಿಡಿಸುವುದಿಲ್ಲ. ಎಷ್ಟು ಫೋಟೋ ಅನ್ನುವುದನ್ನು ಹಾಡು ಹೇಳಬೇಕು. ಮೊದಲು ಫೋಟೋ ಗುಡ್ಡೆ ಹಾಕಿಕೊಂಡು ಆಮೇಲೆ ಹಾಡಿನೊಳಗೆ ತುರುಕಲು ಹೋದರೆ ಯಾವ ಲೆಕ್ಕವೂ ಕೈ ಹಿಡಿಯುವುದಿಲ್ಲ.

ಇನ್ನು ತಂಗಿ ಹೇಳಿದ ತಾಳದ ವಿಷಯ. ಅವರ ಕಿವಿ ಚೆನ್ನಾಗಿದೆ. ಫೋಟೋ ಹಾಡಿನ ಜೊತೆ ಬದಲಾದರೆ ನೋಡುವವರಿಗೆ ಹಿತವಾಗುತ್ತದೆ, ನಿಜ. ಆದರೆ ಪ್ರತಿ ಪೆಟ್ಟಿಗೂ ಬದಲಾಯಿಸುವುದು ಆಗದ ಮಾತು. ಹಾಡು ಕೇಳುತ್ತಾ ತೊಡೆಯ ಮೇಲೆ ತಾಳ ಹಾಕಿ, 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬಂತು ಅಂತ ಎಣಿಸಿ. 20 ಬಂತು ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 80 ಆಯಿತು, ಒಂದು ಪೆಟ್ಟಿಗೆ ಮುಕ್ಕಾಲು ಸೆಕೆಂಡ್. ಮುಕ್ಕಾಲು ಸೆಕೆಂಡಿನಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡಲು ಆಗುವುದಿಲ್ಲ. ಅದೇ ನಾಲ್ಕು ಪೆಟ್ಟಿಗೆ ಒಂದು ಸಲ ಅಂದರೆ 3 ಸೆಕೆಂಡ್, ಎಂಟಕ್ಕೆ ಒಂದು ಸಲ ಅಂದರೆ 6 ಸೆಕೆಂಡ್. ಮುಖ ನೋಡಲು ಬೇಕಾದ ಸಮಯವೂ ಅದೇ. ಹಾಗಾಗಿ ನಾಲ್ಕು ಅಥವಾ ಎಂಟು ಪೆಟ್ಟಿಗೆ ಒಂದು ಫೋಟೋ ಅಂತ ಇಟ್ಟುಕೊಂಡರೆ ತಂಗಿಯ ಮಾತೂ ಉಳಿಯುತ್ತದೆ, ಫೋಟೋಗಳೂ ಕಾಣುತ್ತವೆ.

ಇಲ್ಲೊಂದು ಎಚ್ಚರ ಬೇಕು. ಹಳೆಯ ಹಾಡುಗಳಲ್ಲಿ ಎಲ್ಲ ವಾದ್ಯದವರೂ ಒಟ್ಟಿಗೆ ಕೂತು ನುಡಿಸುತ್ತಿದ್ದರು. ಅವರ ನಡೆ ಯಂತ್ರದ ಹಾಗೆ ಒಂದೇ ಸಮ ಇರುವುದಿಲ್ಲ, ಚರಣದಲ್ಲಿ ಕೂದಲೆಳೆಯಷ್ಟು ನಿಧಾನ, ಕೊನೆಯಲ್ಲಿ ಸ್ವಲ್ಪ ಬಿರುಸು. ಹಾಗಾಗಿ ಶುರುವಿನಲ್ಲಿ ಅಳೆದ 6 ಸೆಕೆಂಡನ್ನೇ ಕೊನೆಯವರೆಗೂ ಎಳೆದರೆ, ಪ್ರತಿ ಫೋಟೋಗೆ 0.05 ಸೆಕೆಂಡ್ ತಪ್ಪಿದರೂ ಐವತ್ತನೇ ಫೋಟೋ ಹೊತ್ತಿಗೆ ಎರಡೂವರೆ ಸೆಕೆಂಡ್ ಜಾರಿರುತ್ತದೆ. ಹಾಡುವವರ ದನಿ ಶುರುವಾದ ಮೇಲೆ ಎಷ್ಟೋ ಹೊತ್ತಿಗೆ ಫೋಟೋ ಬರುತ್ತದೆ.

ಇದಕ್ಕೆ ನಾನು ಮಾಡುವುದು ಇಷ್ಟೇ: ಹಾಡನ್ನು ಭಾಗ ಮಾಡಿಕೊಳ್ಳುತ್ತೇನೆ, ಒಂದೊಂದು ಭಾಗಕ್ಕೂ ಬೇರೆ ಲೆಕ್ಕ ಇಡುತ್ತೇನೆ. ಒಂದು ಭಾಗದೊಳಗೆ ಸ್ವಲ್ಪ ಹಿಂದೆ ಮುಂದೆ ಆದರೂ ಮುಂದಿನ ಭಾಗ ಶುರುವಾಗುವ ಹೊತ್ತಿಗೆ ಮತ್ತೆ ಕೂಡಿಕೊಳ್ಳುತ್ತದೆ. ನೋಡುವವರು ಗಮನಿಸುವುದೂ ಅಲ್ಲೇ. ಪಲ್ಲವಿ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಒಂದು ಮುಖ ಬಂದರೆ ಇಡೀ ಸ್ಲೈಡ್‌ಶೋ ಹಾಡಿಗೆ ಹೊಂದಿದೆ ಅಂತಲೇ ಅನ್ನಿಸುತ್ತದೆ.

ಒಂದು ಕಾಗದ, ಪೆನ್ನು, ಮೊಬೈಲ್ ತಗೊಂಡು ಕೂರಿ. ಹಾಡನ್ನು ಮೊದಲಿಂದ ಹಾಕಿ ಸ್ಟಾಪ್‌ವಾಚ್ ಒತ್ತಿ. ಹಾಡುವವರ ದನಿ ಶುರುವಾದಾಗ, ನಿಂತಾಗ, ಮತ್ತೆ ಶುರುವಾದಾಗ ಎಷ್ಟಾಗಿತ್ತು ಅಂತ ಬರೆಯುತ್ತಾ ಹೋಗಿ. ಸ್ಟಾಪ್‌ವಾಚ್ ನಡುವೆ ನಿಲ್ಲಿಸಬೇಡಿ. ಎರಡು ಸಲ ಮಾಡಿ ಹೋಲಿಸಿ. ನಿಮ್ಮ ಹಾಡು ಯಾವುದು ಅಂತ ನೀವು ಬರೆದಿಲ್ಲ, ಆದ್ದರಿಂದ ಅಷ್ಟೇ ಉದ್ದದ ಹಾಡೊಂದು ಹೀಗಿದೆ ಅಂತ ಇಟ್ಟುಕೊಂಡು ಲೆಕ್ಕ ತೋರಿಸುತ್ತೇನೆ. ಅಂಕಿಗಳನ್ನು ಸುಲಭ ಆಗಲಿ ಅಂತ ದುಂಡಗೆ ಮಾಡಿದ್ದೇನೆ.

ಮೊದಲ 24 ಸೆಕೆಂಡ್ ಬರೀ ವಾದ್ಯ. ಇಲ್ಲಿ ಮೂರೇ ಸ್ಲೈಡ್. ಅಪ್ಪನ ಹೆಸರಿರುವ ಮೊದಲ ಸ್ಲೈಡ್‌ಗೆ 6 ಸೆಕೆಂಡ್, ಆಮೇಲೆ ಅಪ್ಪನ ಅಪ್ಪ ಅಮ್ಮನ ಫೋಟೋ, ಹುಟ್ಟಿದ ಮನೆಯ ಫೋಟೋ, ಒಂದೊಂದಕ್ಕೆ 9. ಜನ ಮಾತು ನಿಲ್ಲಿಸಿ ಪರದೆಯ ಕಡೆ ತಿರುಗಲು ಇಷ್ಟು ಹೊತ್ತು ಬೇಕೇ ಬೇಕು. ಇಲ್ಲಿ ಅವಸರ ಮಾಡಿದರೆ ಅಪರೂಪದ ಎರಡು ಫೋಟೋ ಯಾರೂ ನೋಡದೆ ಹೋಗಿಬಿಡುತ್ತವೆ.

24ಕ್ಕೆ ಪಲ್ಲವಿ ಶುರು, 1 ನಿಮಿಷ 6 ಸೆಕೆಂಡ್‌ವರೆಗೆ. ಅಂದರೆ 42 ಸೆಕೆಂಡ್, 6ರಂತೆ ಏಳು ಫೋಟೋ. ದನಿ ಶುರುವಾಗುವ ಕ್ಷಣಕ್ಕೆ ಅಪ್ಪನ ಅತಿ ಹಳೆಯ ಫೋಟೋ ಬರಲಿ. ಶಾಲೆಯದೋ, ಉಪನಯನದ್ದೋ, ಯಾವುದಿದೆಯೋ ಅದು.

ಅಲ್ಲಿಂದ 1 ನಿಮಿಷ 30ರವರೆಗೆ ಮತ್ತೆ ವಾದ್ಯ, 24 ಸೆಕೆಂಡ್. 3ರಂತೆ ಎಂಟು ಫೋಟೋ. ಕಾಲೇಜಿನ ಗೆಳೆಯರು, ಮೊದಲ ಸ್ಕೂಟರ್, ಪ್ರವಾಸ, ಇಂಥವು ಇಲ್ಲಿ. ವಾದ್ಯದ ಓಟಕ್ಕೆ ಬೇಗ ಬದಲಾಗುವುದು ಚೆನ್ನಾಗಿ ಒಪ್ಪುತ್ತದೆ. ಆದರೆ ಪ್ರತಿಯೊಂದರಲ್ಲೂ ಒಂದೇ ಮುಖ ಇರಲಿ.

ಮೊದಲ ಚರಣ 2 ನಿಮಿಷ 24ರವರೆಗೆ, 54 ಸೆಕೆಂಡ್. 6ರಂತೆ ಒಂಬತ್ತು ಫೋಟೋ, ಮದುವೆಯವು. ಆಮೇಲೆ 2 ನಿಮಿಷ 54ರವರೆಗೆ ಎರಡನೇ ವಾದ್ಯ, 30 ಸೆಕೆಂಡ್. 3ರಂತೆ ಹತ್ತು ಫೋಟೋ, ನೀವು ಮಕ್ಕಳು ಚಿಕ್ಕವರಿದ್ದಾಗಿನವು. ಎರಡನೇ ಚರಣ 3 ನಿಮಿಷ 48ರವರೆಗೆ, ಮತ್ತೆ 54 ಸೆಕೆಂಡ್, ಒಂಬತ್ತು ಫೋಟೋ. ಇಲ್ಲಿ ಮಕ್ಕಳ ಮದುವೆ, ಮೊಮ್ಮಕ್ಕಳು.

ಕೊನೆಗೆ ಪಲ್ಲವಿ ಮತ್ತೆ ಬಂದು ಹಾಡು ಮುಗಿಯಲು 52 ಸೆಕೆಂಡ್ ಉಳಿದಿದೆ. ಇದನ್ನು ಗುಂಪಿನ ಫೋಟೋಗಳಿಗೆ ಮೀಸಲಿಡಿ. 7ರಂತೆ ಆರು ಫೋಟೋ, 42 ಸೆಕೆಂಡ್. ಕೊನೆಯ ಒಂದು ಫೋಟೋಗೆ 10. ಒಟ್ಟು 53 ಸ್ಲೈಡ್, 280 ಸೆಕೆಂಡ್. ನಿಮ್ಮ ಹಾಡಿನಲ್ಲಿ ಒಂದು ಭಾಗ 43 ಸೆಕೆಂಡ್ ಬಂದರೆ ಗಾಬರಿ ಬೇಡ. ಆರು ಫೋಟೋಗೆ 6 ಕೊಟ್ಟು ಏಳನೆಯದಕ್ಕೆ 7 ಕೊಡಿ. ಉಳಿದ ಚಿಲ್ಲರೆಯನ್ನು ಆಯಾ ಭಾಗದ ಕೊನೆಯ ಫೋಟೋ ನುಂಗಿಕೊಳ್ಳಲಿ.

ಇದನ್ನು ಪವರ್‌ಪಾಯಿಂಟ್‌ನಲ್ಲಿ ಹಾಕುವಾಗ ಕ್ರಮ ತುಂಬಾ ಮುಖ್ಯ. ಮೊದಲು Transitions ಟ್ಯಾಬ್‌ಗೆ ಹೋಗಿ Fade ಆರಿಸಿ. Duration ಅನ್ನು 0.50 ಮಾಡಿ, ಕಳೆಯಲು ಸುಲಭ. On Mouse Click ಮುಂದಿನ ಟಿಕ್ ತೆಗೆಯಿರಿ. After ಮುಂದೆ ಟಿಕ್ ಹಾಕಿ 5.5 ಕೊಟ್ಟು Apply To All ಒತ್ತಿ. ಇದನ್ನು ಶುರುವಿನಲ್ಲಿ ಒಂದೇ ಒಂದು ಸಲ ಒತ್ತಬೇಕು. ಎಲ್ಲ ಸ್ಲೈಡ್‌ಗೂ ಬೇರೆ ಬೇರೆ ಸಮಯ ಕೊಟ್ಟಾದ ಮೇಲೆ ಮರೆತು ಇನ್ನೊಮ್ಮೆ ಒತ್ತಿದಿರೋ, ಅಷ್ಟೂ ಸಮಯ ಅಳಿಸಿ ಒಂದೇ ಆಗಿಬಿಡುತ್ತದೆ. ರಾತ್ರಿ ಒಂದು ಗಂಟೆಗೆ ಇದನ್ನು ಮಾಡಿಕೊಂಡು ಅಳುವ ಹಾಗಾದವರ ಫೋನ್ ನನಗೆ ಎಷ್ಟೋ ಸಲ ಬಂದಿದೆ. ಆದರೆ ತಕ್ಷಣ ಗೊತ್ತಾದರೆ Ctrl+Z ಒತ್ತಿ, ಹಿಂದಕ್ಕೆ ಬರುತ್ತದೆ.

ಆಮೇಲೆ ಮೊದಲ ಸ್ಲೈಡ್‌ಗೆ ಮಾತ್ರ Fade ತೆಗೆದು None ಮಾಡಿ, After ಜಾಗದಲ್ಲಿ ಪೂರ್ತಿ 6 ಕೊಡಿ. ಹಾಡು ಶುರುವಾಗುವುದು ಈ ಸ್ಲೈಡ್‌ನಿಂದ, ಹಾಗಾಗಿ ಇಲ್ಲಿ ಕರಗುವ ಸಮಯ ಇರಬಾರದು. ಉಳಿದ ಎಲ್ಲದಕ್ಕೂ ನಿಮ್ಮ ಕಾಗದದ ಮೇಲಿನ ಅಂಕಿಯಿಂದ ಅರ್ಧ ಸೆಕೆಂಡ್ ಕಳೆದು ಕೊಡಿ. 9 ಇದ್ದದ್ದು 8.5, 3 ಇದ್ದದ್ದು 2.5, 7 ಇದ್ದದ್ದು 6.5, ಕೊನೆಯ 10 ಇದ್ದದ್ದು 9.5. 6 ಇದ್ದವಕ್ಕೆ ಈಗಾಗಲೇ 5.5 ಬಂದಿದೆ, ಮುಟ್ಟುವುದೇ ಬೇಡ. ಒಂದೊಂದಕ್ಕೇ ಟೈಪ್ ಮಾಡಬೇಕಾಗಿಲ್ಲ. ಎಡಗಡೆಯ ಸಣ್ಣ ಚಿತ್ರಗಳಲ್ಲಿ 11ನೆಯದನ್ನು ಒತ್ತಿ, Shift ಹಿಡಿದು 18ನೆಯದನ್ನು ಒತ್ತಿ. ಎಂಟೂ ಒಟ್ಟಿಗೆ ಆಯ್ಕೆ ಆಗುತ್ತವೆ, 2.5 ಕೊಟ್ಟರೆ ಆಯಿತು. View ಟ್ಯಾಬ್‌ನಲ್ಲಿ Slide Sorter ತೆರೆದರೆ ಪ್ರತಿ ಸ್ಲೈಡ್ ಕೆಳಗೆ ಅದರ ಸಮಯ ಕಾಣುತ್ತದೆ. ಯಾವುದಾದರೂ ತಪ್ಪಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಹಾಡನ್ನು ಮೊದಲ ಸ್ಲೈಡ್‌ಗೆ ಸೇರಿಸಿ, ಅದರ ಮೇಲೆ ಒತ್ತಿ, Playback ಟ್ಯಾಬ್‌ನಲ್ಲಿ Play in Background ಆರಿಸಿ. ಇದನ್ನು ಮಾಡದಿದ್ದರೆ ಎರಡನೇ ಸ್ಲೈಡ್ ಬಂದ ಕೂಡಲೇ ಹಾಡು ನಿಲ್ಲುತ್ತದೆ. ಆದರೆ ಇದನ್ನು ಒತ್ತಿದಾಗ Loop until Stopped ಅನ್ನುವುದಕ್ಕೂ ತಾನಾಗಿ ಟಿಕ್ ಬೀಳುತ್ತದೆ. ನಿಮ್ಮ ಹಾಡು ಮತ್ತೆ ಮೊದಲಿಂದ ಶುರುವಾಗುತ್ತಿರುವುದು ಅದಕ್ಕೇ. ಆ ಟಿಕ್ ತೆಗೆಯಿರಿ. Fade Out ಜಾಗದಲ್ಲಿ 3 ಸೆಕೆಂಡ್ ಕೊಟ್ಟರೆ ಹಾಡು ಥಟ್ಟನೆ ನಿಲ್ಲದೆ ಮೆಲ್ಲಗೆ ಇಳಿಯುತ್ತದೆ. ಒಂದು ಸಲ ಹಾಡಿನ ಕೊನೆ ಕೇಳಿನೋಡಿ. ಎಷ್ಟೋ ಫೈಲ್‌ಗಳಲ್ಲಿ ಹಾಡು ಮುಗಿದ ಮೇಲೂ ನಾಲ್ಕೈದು ಸೆಕೆಂಡ್ ಸುಮ್ನೆ ಖಾಲಿ ಇರುತ್ತದೆ. ಹಾಗಿದ್ದರೆ Trim Audio ಮೂಲಕ ಅದನ್ನು ಕತ್ತರಿಸಿ, ಉಳಿದ ಉದ್ದವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹಾಡು ಕೇಳುತ್ತಾ ಕೈಯಲ್ಲೇ ಒತ್ತಿ ಸಮಯ ಹಿಡಿಯುವ Rehearse Timings ಅನ್ನುವ ದಾರಿಯೂ ಇದೆ. ಹತ್ತು ಹದಿನೈದು ಸ್ಲೈಡ್‌ಗೆ ಅದು ಸೊಗಸಾಗಿದೆ. 53 ಸ್ಲೈಡ್‌ಗೆ ನಾನು ಅದನ್ನು ಹೇಳುವುದಿಲ್ಲ. ನಲವತ್ತನೇ ಫೋಟೋ ಹತ್ತಿರ ಬೆರಳು ಒಮ್ಮೆ ತಡವಾದರೆ ಅಲ್ಲಿಂದ ಮುಂದಿನದೆಲ್ಲ ಜಾರುತ್ತದೆ, ಮತ್ತೆ ಮೊದಲಿಂದ ಮಾಡಬೇಕು. ಫೋಟೋಗೆ ಝೂಮ್ ಆಗುವ, ಹಾರಿ ಬರುವ ಅನಿಮೇಷನ್‌ಗಳನ್ನೂ ಹಾಕಬೇಡಿ. After ಸಮಯದ ಎಣಿಕೆ ಅವೂ ಮುಗಿಯಲಿ ಅಂತ ಕಾಯುತ್ತದೆ, ಲೆಕ್ಕ ಮತ್ತೆ ಕೆಡುತ್ತದೆ.

ಒಂದು ಮಾತು. ನೀವು ಪವರ್‌ಪಾಯಿಂಟ್ ಬಿಟ್ಟು ವಿಡಿಯೋ ಎಡಿಟರ್‌ನಲ್ಲಿ ಮಾಡಿದರೆ ಲೆಕ್ಕ ಉಲ್ಟಾ ಆಗಬಹುದು. ಸಾಮಾನ್ಯವಾಗಿ ಅಲ್ಲಿ ಎರಡು ಫೋಟೋ ಕರಗುವಾಗ ಒಂದರ ಮೇಲೊಂದು ಹತ್ತುತ್ತವೆ, ಸಮಯ ಕೂಡುವ ಬದಲು ಕಳೆಯುತ್ತದೆ. ಫೋಟೋಗಳು ಹಾಡಿಗಿಂತ ಮೊದಲೇ ಮುಗಿದುಹೋದರೆ ಕಾರಣ ಅದೇ.

ಭಾವನ ಮನೆಯಲ್ಲಿ ಹಾಡು ಬರದಿದ್ದುದಕ್ಕೆ ಎರಡು ಕಾರಣ ಇರಬಹುದು. ಯಾವುದು ಅಂತ ತಿಳಿಯಲು ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್ ಕಿತ್ತು, ಅದೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ. ಆಗ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಹಾಡು ಕೇಳಿದರೆ ಫೈಲ್ ಸರಿ ಇದೆ, ಶಬ್ದ ಹೋಗುವ ದಾರಿ ತಪ್ಪಿದೆ ಅಂತ ಅರ್ಥ. ಕೇಬಲ್ ಹಾಕಿಕೊಂಡೇ ಕೆಳಗಿನ ಪಟ್ಟಿಯ ಸ್ಪೀಕರ್ ಗುರುತು ಒತ್ತಿ, ಶಬ್ದ ಟಿವಿಗೋ ಲ್ಯಾಪ್‌ಟಾಪ್‌ಗೋ ಅಂತ ನೀವೇ ಆರಿಸಬೇಕು. ಕೇಬಲ್ ಕಿತ್ತರೂ ಹಾಡು ಬರಲಿಲ್ಲ ಅಂದರೆ ಹಾಡು ಫೈಲ್‌ನೊಳಗೆ ಕೂತಿಲ್ಲದೆ ಇರಬಹುದು. ಹೊಸ ಪವರ್‌ಪಾಯಿಂಟ್ ಹಾಡನ್ನು ಫೈಲ್‌ನೊಳಗೇ ಇಟ್ಟುಕೊಳ್ಳುತ್ತದೆ. ಸೇರಿಸುವಾಗ Link to File ಆರಿಸಿದ್ದರೆ, ಅಥವಾ 2007ರಂಥ ಹಳೆಯದರಲ್ಲಿ ಮಾಡಿದ್ದರೆ, ಹಾಡು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಅದರಲ್ಲಿ ಇರುತ್ತದೆ. ಭಾವನ ಲ್ಯಾಪ್‌ಟಾಪ್‌ನಲ್ಲಿ ಆ ವಿಳಾಸದಲ್ಲಿ ಏನೂ ಇಲ್ಲ, ಹಾಡು ಎಲ್ಲಿಂದ ಬರಬೇಕು?

ಮಂಟಪಕ್ಕೆ ಪವರ್‌ಪಾಯಿಂಟ್ ಫೈಲನ್ನೇ ತಗೊಂಡು ಹೋಗಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿನ ಲ್ಯಾಪ್‌ಟಾಪ್‌ನಲ್ಲಿ ಯಾವ ಆವೃತ್ತಿ ಇದೆಯೋ, ಕನ್ನಡ ಅಕ್ಷರ ಸರಿಯಾಗಿ ಬರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ವಿಡಿಯೋ ಮಾಡಿಬಿಡಿ. File, ಆಮೇಲೆ Export, ಆಮೇಲೆ Create a Video. Full HD (1080p) ಆರಿಸಿ. ಅದರ ಕೆಳಗೆ Use Recorded Timings and Narrations ಇರಲೇಬೇಕು. ಅಲ್ಲಿ Don't Use ಅಂತ ಇದ್ದರೆ ನೀವು ಕಷ್ಟಪಟ್ಟು ಕೊಟ್ಟ ಸಮಯವೆಲ್ಲ ಬಿಟ್ಟು ಪ್ರತಿ ಸ್ಲೈಡ್‌ಗೂ 5 ಸೆಕೆಂಡ್ ಹಾಕಿಬಿಡುತ್ತದೆ. ವಿಡಿಯೋ ಆಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೆಳಗಿನ ಪಟ್ಟಿ ತುಂಬುವವರೆಗೂ ಪವರ್‌ಪಾಯಿಂಟ್ ಮುಚ್ಚಬೇಡಿ.

ವಿಡಿಯೋ ಆದ ಕೂಡಲೇ ಅದರ ಉದ್ದ ನೋಡಿ. 4 ನಿಮಿಷ 40 ಸೆಕೆಂಡ್ ಅಥವಾ ಅದರ ಆಚೆ ಈಚೆ ಒಂದು ಸೆಕೆಂಡ್ ಇದ್ದರೆ ಲೆಕ್ಕ ಕೂಡಿದೆ. 5 ನಿಮಿಷ 6 ಸೆಕೆಂಡ್ ಬಂದರೆ ಅರ್ಧ ಸೆಕೆಂಡ್ ಕಳೆಯಲು ಮರೆತಿದ್ದೀರಿ. ಇವೆರಡೂ ಅಲ್ಲದೆ ಬೇರೆ ಉದ್ದ ಬಂದರೆ Don't Use ಆಗಿ 53 ಸ್ಲೈಡ್‌ಗೂ ತಲಾ 5 ಸೆಕೆಂಡ್ ಬಿದ್ದಿರಬಹುದು. ಇಷ್ಟು ಗೊತ್ತಾಗಲು ವಿಡಿಯೋ ತೆರೆಯುವುದೂ ಬೇಡ. ಆದರೂ ತೆರೆದು 24, 1 ನಿಮಿಷ 6, 1 ನಿಮಿಷ 30, ಹೀಗೆ ನೀವು ಬರೆದ ಜಾಗಗಳಿಗೆ ಹೋಗಿ ಫೋಟೋ ಸರಿಯಾಗಿ ಬದಲಾಗುತ್ತಿದೆಯಾ ನೋಡಿ.

ವಿಡಿಯೋದ ಒಂದು ಕಷ್ಟ ಹೇಳಿಬಿಡುತ್ತೇನೆ. ಆಮೇಲೆ ಒಂದು ಫೋಟೋ ಬದಲಾಯಿಸಬೇಕು ಅಂದರೂ ಪವರ್‌ಪಾಯಿಂಟ್‌ಗೆ ಹೋಗಿ ಮತ್ತೆ ವಿಡಿಯೋ ಮಾಡಬೇಕು. "ನಮ್ಮ ಫೋಟೋನೇ ಇಲ್ವಲ್ಲ" ಅಂತ ಹಿಂದಿನ ರಾತ್ರಿ ಯಾರಾದರೂ ಅಂದೇ ಅನ್ನುತ್ತಾರೆ. ಆಗ ಹೊಸ ಫೋಟೋ ಸೇರಿಸಬೇಡಿ, ಇರುವ ಒಂದನ್ನು ತೆಗೆದು ಅದೇ ಸ್ಲೈಡ್‌ನಲ್ಲಿ ಇದನ್ನು ಇಡಿ. ಸಮಯ ಹಾಗೇ ಉಳಿಯುತ್ತದೆ. ಸೇರಿಸುತ್ತಾ ಹೋದರೆ ಆ ಜಾಗದಿಂದ ಮುಂದಿನ ಪ್ರತಿ ಭಾಗವೂ ತಪ್ಪುತ್ತದೆ. ಅದಕ್ಕೇ ಈಗಲೇ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವ, ಎಲ್ಲರ ಮನೆಯವರೂ ಒಂದೊಂದು ಫೋಟೋದಲ್ಲಾದರೂ ಇದ್ದಾರಾ ಅಂತ ಪಟ್ಟಿ ಮಾಡಿ ನೋಡಿ. ನಾನು ಯಾವಾಗಲೂ ಈ ಪಟ್ಟಿಯನ್ನು ಮನೆಯ ಹಿರಿಯ ಹೆಂಗಸಿನ ಕೈಲಿ ಒಮ್ಮೆ ಓದಿಸುತ್ತೇನೆ. ಅವರಿಗೆ ನೆನಪಿರುವಷ್ಟು ಬೇರೆಯವರಿಗೆ ಇರುವುದಿಲ್ಲ.

ಉಳಿದ ಎಂಬತ್ತೆಂಟು ಫೋಟೋ ಬಿಡಲು ಮನಸ್ಸಾಗುವುದಿಲ್ಲ, ನನಗೆ ಗೊತ್ತು. ಎರಡನೇ ಹಾಡು ಸೇರಿಸಬಹುದು, ಆದರೆ ಒಂಬತ್ತು ನಿಮಿಷ ಆಗುತ್ತದೆ. ಊಟದ ಪಂಕ್ತಿಗೆ ಕಾಯುತ್ತಿರುವ ಜನ ಅಷ್ಟು ಹೊತ್ತು ಕೂರುವುದು ಕಷ್ಟ. ಒಂದೇ ಸ್ಲೈಡ್‌ನಲ್ಲಿ ನಾಲ್ಕು ಫೋಟೋ ಜೋಡಿಸಿದರೆ ಮುಖಗಳು ಚಿಕ್ಕದಾಗುತ್ತವೆ, ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ. ನನ್ನ ಸಲಹೆ ಬೇರೆ. ಎಲ್ಲ 140 ಫೋಟೋಗಳನ್ನೂ ಹಾಡಿಲ್ಲದೆ, 8 ಸೆಕೆಂಡ್‌ಗೆ ಒಂದರಂತೆ, ಮಂಟಪದ ಬಾಗಿಲ ಬಳಿ ಅಥವಾ ಊಟದ ಹಾಲ್ ಹೊರಗೆ ಒಂದು ಟಿವಿಯಲ್ಲಿ ಬೆಳಿಗ್ಗೆಯಿಂದ ಓಡಲು ಬಿಡಿ. ಕೈಯಲ್ಲಿ ಕಾಫಿ ಲೋಟ ಹಿಡಿದು ಜನ ನಿಂತು ನೋಡುತ್ತಾರೆ. ಅಲ್ಲಿ ಯಾವ ತಾಳಕ್ಕೂ ಹೊಂದಿಸಬೇಕಾಗಿಲ್ಲ.

ಹಳೆಯ ಆಲ್ಬಂನ ಫೋಟೋಗಳನ್ನು ಮೊಬೈಲ್‌ನಲ್ಲಿ ತೆಗೆಯುವುದಾದರೆ ಹಗಲಿನಲ್ಲಿ ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಅಂಟಿಕೊಂಡ ಫೋಟೋವನ್ನು ಆಲ್ಬಂನಿಂದ ಕೀಳಲು ಹೋಗಬೇಡಿ, ಹರಿಯುತ್ತದೆ. ನೆಂಟರು ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಫೋಟೋ ಕುಗ್ಗಿ ದೊಡ್ಡ ಪರದೆಯ ಮೇಲೆ ಮಸುಕಾಗುತ್ತದೆ. ಉದ್ದುದ್ದ ಇರುವ ಫೋಟೋವನ್ನು ಪರದೆ ತುಂಬಲಿ ಅಂತ ಎಳೆದರೆ ತಲೆ ಕತ್ತರಿಸಿಹೋಗುತ್ತದೆ. ಎರಡೂ ಕಡೆ ಕಪ್ಪು ಉಳಿದರೆ ಉಳಿಯಲಿ.

ವಿಡಿಯೋವನ್ನು ಎರಡು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹಿಂದಿನ ಸಂಜೆ ಮಂಟಪಕ್ಕೆ ಹೋಗಿ. ಎಲ್‌ಇಡಿ ಪರದೆಯವರು ಒಬ್ಬರು, ಮೈಕ್ ಸೆಟ್‌ನವರು ಇನ್ನೊಬ್ಬರು ಇರುತ್ತಾರೆ. ತಪ್ಪು ಆಗುವುದು ಇವರಿಬ್ಬರ ನಡುವೆಯೇ. ಚಿತ್ರ ಎಚ್‌ಡಿಎಂಐ ಕೇಬಲ್‌ನಲ್ಲಿ ಪರದೆಗೆ ಹೋಗುತ್ತದೆ, ಅದರ ಜೊತೆ ಶಬ್ದವೂ ಅಲ್ಲಿಗೇ ಹೋಗಿ ಕುಳಿತರೆ ಮೈಕ್ ಸೆಟ್‌ಗೆ ಏನೂ ಸಿಗುವುದಿಲ್ಲ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಅವರ ಮಿಕ್ಸರ್‌ಗೆ ಒಂದು ಆಕ್ಸ್ ವೈರ್ ಹೋಗಬೇಕು, ಸ್ಪೀಕರ್ ಗುರುತಿನಲ್ಲಿ ಹೆಡ್‌ಫೋನ್ ಆರಿಸಿರಬೇಕು. ಬ್ಲೂಟೂತ್ ಬೇಡ ಅನ್ನಿ. ಅದರಲ್ಲಿ ಶಬ್ದ ಸ್ವಲ್ಪ ತಡವಾಗಿ ಬರುತ್ತದೆ, ನೀವು ಹೊಂದಿಸಿದ ಪಲ್ಲವಿಯ ಜಾಗ ಫೋಟೋಗಿಂತ ಹಿಂದೆ ಬೀಳುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿರಲಿ, ನಡುವೆ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಾಯಿಸಿರಿ, ಇಂಟರ್‌ನೆಟ್ ಆಫ್ ಮಾಡಿರಿ.

ಅಲ್ಲೇ ಮೊದಲ ಒಂದೂವರೆ ನಿಮಿಷ ಓಡಿಸಿ. ಹಾಲ್‌ನ ಕೊನೆಯ ಸಾಲಿನಲ್ಲಿ ಭಾವನನ್ನು ಕೂರಿಸಿ, ಹಾಡು ಕೇಳುತ್ತಾ ಅಂತ ಕೇಳಿ. ಮಾರನೇ ದಿನ ವಾಲಗದವರು ನಿಲ್ಲಿಸಿದ ಮೇಲೆ, ಪರದೆಯ ಮೇಲಿನ ದೀಪ ಆರಿಸಿದ ಮೇಲೆ, ಅಪ್ಪ ಅಮ್ಮ ಇಬ್ಬರೂ ಪರದೆ ಕಾಣುವ ಹಾಗೆ ಕೂತಿದ್ದಾರೆ ಅಂತ ನೋಡಿಕೊಂಡು ಶುರು ಮಾಡಿ. ಶಾಂತಿಯ ದಿನ ಅವರಿಬ್ಬರನ್ನೂ ವೇದಿಕೆ ಮೇಲೆ ಕೂರಿಸಿರುತ್ತಾರೆ, ಪರದೆ ಅವರ ಬೆನ್ನ ಹಿಂದೆ ಇರುತ್ತದೆ. ಇಬ್ಬರನ್ನೂ ಕೆಳಗೆ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಲು ಒಬ್ಬರಿಗೆ ಈಗಲೇ ಹೇಳಿಡಿ.